ಪ್ರೀತಿ, ಗೆಳೆತನ, ಕೆಲಸ: ಟೂ ಆಫ್ ಪೆಂಟಕಲ್ಸ್ ಮತ್ತು ಥ್ರೀ ಆಫ್ ಕಪ್ಸ್ ಒಟ್ಟಿಗೆ ಬಂದಾಗ ಓದುವುದು ಹೇಗೆ

ಟ್ಯಾರೋದ ಟೂ ಆಫ್ ಪೆಂಟಕಲ್ಸ್ ಕಾರ್ಡಿನ ಹುಡುಗನ ಕೈಯಲ್ಲಿ ಇರುವುದು ಎರಡೇ ನಾಣ್ಯ. ಆದರೆ ಪ್ರೀತಿ, ಗೆಳೆತನ, ಕೆಲಸ ಇವನ್ನೆಲ್ಲ ಹೇಗೆ ತೂಗಿಸಲಿ ಎಂದು ಕೇಳುವವರ ಪ್ರಶ್ನೆಯಲ್ಲಿ ಮೂರು ವಿಷಯಗಳಿವೆ. ಹಾಗಾದರೆ ಮೂರನೆಯದು ಎಲ್ಲಿದೆ? ಈ ಪ್ರಶ್ನೆಗೆ ಹಾಸಿದ ಕಾರ್ಡುಗಳನ್ನು, ಅಂದರೆ ಸ್ಪ್ರೆಡ್ ಅನ್ನು, ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಪಕ್ಕದಲ್ಲಿ ಥ್ರೀ ಆಫ್ ಕಪ್ಸ್ ಬಂದರೆ ಹುಡುಕಾಟ ಇನ್ನೂ ಸ್ವಾರಸ್ಯವಾಗುತ್ತದೆ. ಅಲ್ಲಿ ಮೂವರು ಹೆಂಗಸರು ಬಟ್ಟಲು ಎತ್ತಿ ಕುಣಿಯುತ್ತಿದ್ದಾರೆ. ಹೆಚ್ಚಿನವರು ಈ ಜೋಡಿಯನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ: "ಎಲ್ಲವನ್ನೂ ಬ್ಯಾಲೆನ್ಸ್ ಮಾಡಿ, ಗೆಳೆಯರ ಜೊತೆ ಖುಷಿಯಾಗಿರಿ." ಇದರಿಂದ ಕೇಳಿದವರಿಗೆ ಏನೂ ಸಿಗುವುದಿಲ್ಲ. ಬ್ಯಾಲೆನ್ಸ್ ಆಗುತ್ತಿಲ್ಲ ಅಂತಲೇ ಅಲ್ವಾ ಅವರು ಬಂದಿದ್ದು? ಕೈಯಲ್ಲಿರುವ ಎರಡು ಯಾವುವು, ಬಟ್ಟಲು ಎತ್ತಿದ ಮೂವರು ಯಾರು ಎಂಬ ಎರಡು ಪ್ರಶ್ನೆಗೆ ಉತ್ತರ ಹುಡುಕಿದರೆ ಓದು ತಾನಾಗಿ ತೆರೆದುಕೊಳ್ಳುತ್ತದೆ. ಅದನ್ನು ಮಾಡುವ ಬಗೆಯನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಇಲ್ಲಿ ಹೇಳುವ ಚಿತ್ರಗಳೆಲ್ಲ 1909ರಲ್ಲಿ ಬಂದ ರೈಡರ್-ವೇಟ್ ಡೆಕ್ಕಿನವು. ಆರ್ಥರ್ ಎಡ್ವರ್ಡ್ ವೇಟ್ ರೂಪಿಸಿದ ಈ ಡೆಕ್ಕಿಗೆ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಇವತ್ತಿನ ಬಹಳಷ್ಟು ಡೆಕ್ಕುಗಳು ಇದನ್ನೇ ಅನುಸರಿಸುವುದರಿಂದ ನಿಮ್ಮ ಹತ್ತಿರ ಬೇರೆ ಡೆಕ್ ಇದ್ದರೂ ಹೆಚ್ಚು ತೊಂದರೆ ಆಗುವುದಿಲ್ಲ.

ಹೆಜ್ಜೆ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ನನ್ನ ಬದುಕು ಯಾವಾಗ ಸರಿ ಹೋಗುತ್ತದೆ" ಎಂಬ ಪ್ರಶ್ನೆಗೆ ಈ ಎರಡು ಕಾರ್ಡುಗಳಲ್ಲಿ ಉತ್ತರ ಇಲ್ಲ. ಎರಡೂ ಮೈನರ್ ಅರ್ಕಾನಾ ಕಾರ್ಡುಗಳು. ದಿನನಿತ್ಯದ ಸಂಗತಿ ಇವುಗಳ ವ್ಯಾಪ್ತಿ: ಯಾರಿಗೆ ಎಷ್ಟು ಸಮಯ ಹೋಗುತ್ತಿದೆ, ಯಾವ ಸಂಜೆ ಎಲ್ಲಿ ಕಳೆಯುತ್ತಿದೆ, ಯಾರಿಗೆ ಉತ್ತರ ಕೊಡುವುದು ಬಾಕಿ ಇದೆ. ಹಾಗಾಗಿ ಪ್ರಶ್ನೆಯೂ ಅದೇ ಅಳತೆಯಲ್ಲಿರಲಿ.

ಒಂದು ತಿಂಗಳ ಗಡಿ ಹಾಕಿಕೊಳ್ಳಿ. "ಬರುವ ಒಂದು ತಿಂಗಳಲ್ಲಿ ಪ್ರೀತಿ, ಗೆಳೆತನ, ಕೆಲಸ ಈ ಮೂರರ ನಡುವೆ ನನ್ನ ಸಮಯ ಎಲ್ಲಿ ಸಿಕ್ಕಿಕೊಂಡಿದೆ, ನಾನು ಏನು ಬದಲಾಯಿಸಬಹುದು?" ಎಂದು ಕೇಳಿ. "ಅವನು ನನ್ನ ಬಗ್ಗೆ ಏನು ಅಂದುಕೊಂಡಿದ್ದಾನೆ" ಎಂಬುದನ್ನು ಇದಕ್ಕೆ ಸೇರಿಸಬೇಡಿ. ಸೇರಿಸಿದರೆ ಥ್ರೀ ಆಫ್ ಕಪ್ಸ್ ಬಂದ ತಕ್ಷಣ ಮನಸ್ಸು ಇನ್ನೊಬ್ಬರ ಮೇಲಿನ ಅನುಮಾನದ ಕಡೆ ಓಡುತ್ತದೆ. ಆಮೇಲೆ ಉಳಿದ ಕಾರ್ಡುಗಳು ಕಣ್ಣಿಗೇ ಬೀಳುವುದಿಲ್ಲ.

ಹೆಜ್ಜೆ 2: ಐದು ಕಾರ್ಡುಗಳನ್ನು ಹೀಗೆ ಇಡಿ

ಮೂರು ಕಾರ್ಡು ಒಂದು ಸಾಲಿನಲ್ಲಿ ಬರಲಿ. ಎಡಗಡೆ ಗೆಳೆತನ, ನಡುವೆ ಪ್ರೀತಿ, ಬಲಗಡೆ ಕೆಲಸ. ನಾಲ್ಕನೆಯದನ್ನು ಸಾಲಿನ ಕೆಳಗೆ ಇಡಿ, ಅದು ಭಾರ ಎಲ್ಲಿಂದ ಬರುತ್ತಿದೆ ಎಂದು ಹೇಳುತ್ತದೆ. ಐದನೆಯದನ್ನು ಸಾಲಿನ ಮೇಲೆ ಇಡಿ, ಅದು ಈಗ ನಿಮ್ಮ ಕೈಯಲ್ಲಿ ಮಾಡಲು ಸಾಧ್ಯವಿರುವ ಕೆಲಸ.

ಪ್ರೀತಿಯನ್ನು ನಡುವೆ ಇಡಲು ಕಾರಣ ಇದೆ. ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ. ಸಂಬಂಧವೊಂದು ಬಂದ ಮೇಲೆ ಗೆಳೆಯರ ಜೊತೆಗಿನ ಸಮಯ ಕಡಿಮೆಯಾಯಿತು, ಅಥವಾ ಕೆಲಸದ ಹೊತ್ತು ಕದಡಿತು. ನಡುವಿನ ಕಾರ್ಡಿಗೆ ಎರಡೂ ಕಡೆ ನೆರೆಯವರು ಇರುವುದರಿಂದ ಯಾವ ಕಡೆಯಿಂದ ಎಳೆತ ಜಾಸ್ತಿ ಎಂದು ಕಾಣುತ್ತದೆ. ಸ್ಥಾನಗಳನ್ನು ಕಾರ್ಡ್ ತೆಗೆಯುವ ಮೊದಲೇ ನಿರ್ಧರಿಸಿ, ಬರೆದಿಡಿ. ಕಾರ್ಡ್ ನೋಡಿದ ಮೇಲೆ "ಇದು ಕೆಲಸದ ಜಾಗದಲ್ಲಿ ಬಂದಿದ್ದರೆ ಚೆನ್ನಾಗಿತ್ತು" ಎಂದು ಜಾಗ ಬದಲಿಸಿದರೆ ಓದಿಗೆ ಅರ್ಥವೇ ಇರುವುದಿಲ್ಲ.

ಹೆಜ್ಜೆ 3: ಅರ್ಥ ಹೇಳುವ ಮೊದಲು ಚಿತ್ರ ನೋಡಿ

ಟೂ ಆಫ್ ಪೆಂಟಕಲ್ಸ್‌ನಲ್ಲಿ ಎತ್ತರದ ಟೋಪಿ ಹಾಕಿದ ಹುಡುಗನೊಬ್ಬ ಒಂದು ಕಾಲು ಎತ್ತಿ ಕುಣಿಯುತ್ತಿದ್ದಾನೆ. ಎರಡು ನಾಣ್ಯಗಳನ್ನು ಸುತ್ತಿಕೊಂಡು ಹಸಿರು ಪಟ್ಟಿಯೊಂದಿದೆ, ಅಡ್ಡ ಮಲಗಿಸಿದ ಎಂಟರ ಆಕಾರದಲ್ಲಿ. ಬೆನ್ನ ಹಿಂದೆ ಸಮುದ್ರ. ಅಲೆಗಳು ದೊಡ್ಡದಾಗಿವೆ, ಅವುಗಳ ಮೇಲೆ ಎರಡು ಹಡಗುಗಳು ಏರಿಳಿಯುತ್ತಿವೆ. ಹುಡುಗ ಸಮುದ್ರದ ಕಡೆ ನೋಡುತ್ತಲೇ ಇಲ್ಲ. ಅವನ ಗಮನವೆಲ್ಲ ನಾಣ್ಯಗಳ ಮೇಲೆ.

ಈ ಚಿತ್ರದಲ್ಲಿ ನಮ್ಮ ಪ್ರಶ್ನೆಗೆ ಬೇಕಾದದ್ದು ಮೂರು ಸಂಗತಿ. ಮೊದಲನೆಯದು, ನಾಣ್ಯಗಳು ಬಿಡಿಬಿಡಿಯಾಗಿಲ್ಲ. ಪಟ್ಟಿ ಅವನ್ನು ಕಟ್ಟಿಹಾಕಿದೆ, ಒಂದು ಅಲುಗಾಡಿದರೆ ಇನ್ನೊಂದೂ ಅಲುಗಾಡುತ್ತದೆ. ಎರಡನೆಯದು, ಇದು ನಿಂತ ಸಮತೋಲನ ಅಲ್ಲ. ಹುಡುಗ ಕುಣಿಯುವುದನ್ನು ನಿಲ್ಲಿಸಿದರೆ ಆಟವೂ ನಿಲ್ಲುತ್ತದೆ. ಮೂರನೆಯದು, ಅವನ ಗಮನದಲ್ಲಿ ಇಲ್ಲದ್ದು ಬೆನ್ನ ಹಿಂದೆ ಹೋಗಿದೆ. ಮೂರು ವಿಷಯಗಳ ಪ್ರಶ್ನೆಯಲ್ಲಿ ಆ ಮೂರನೆಯದು ಇರುವುದು ಅಲ್ಲೇ, ಹಡಗುಗಳ ಜೊತೆ.

ವೇಟ್ ಈ ಕಾರ್ಡಿಗೆ ಕೊಟ್ಟ ಅರ್ಥಗಳಲ್ಲಿ ಉಲ್ಲಾಸ, ವಿನೋದ ಇವೆ. ಜೊತೆಗೆ ಅಡೆತಡೆ, ಗೊಂದಲ, ಬರಹದಲ್ಲಿ ಬರುವ ಸುದ್ದಿ ಕೂಡ ಇವೆ. ಬರಹದ ಸುದ್ದಿ ಎನ್ನುವುದನ್ನು ಅನೇಕರು ಹಳೆಯ ಕಾಲದ್ದು ಎಂದು ಬಿಟ್ಟುಬಿಡುತ್ತಾರೆ. ಈ ಪ್ರಶ್ನೆಯಲ್ಲಿ ಬಿಡಬೇಡಿ. ಪ್ರೀತಿ, ಗೆಳೆತನ, ಕೆಲಸ ಮೂರೂ ಇವತ್ತು ಒಂದೇ ಫೋನಿನ ಮೆಸೇಜುಗಳಲ್ಲಿ ಬಂದು ಬೀಳುತ್ತವೆ. ಯಾರ ಮೆಸೇಜಿಗೆ ತಕ್ಷಣ ಉತ್ತರ ಹೋಗುತ್ತದೆ, ಯಾರದ್ದು ಎರಡು ದಿನ ಕೂತಿರುತ್ತದೆ ಎಂದು ಕೇಳಿನೋಡಿ. ಕೈಯಲ್ಲಿರುವ ಎರಡು ನಾಣ್ಯ ಯಾವುವು ಎಂದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ಇನ್ನು ಥ್ರೀ ಆಫ್ ಕಪ್ಸ್. ಮೂವರು ಹೆಂಗಸರು, ಮೂರು ಎತ್ತಿದ ಬಟ್ಟಲು. ನಡುವಿನವಳು ನಮಗೆ ಬೆನ್ನು ಹಾಕಿದ್ದಾಳೆ. ಕಾಲ ಬಳಿ ಕುಂಬಳಕಾಯಿ, ಹಣ್ಣುಗಳು. ಒಬ್ಬಳ ಕೈಯಲ್ಲಿ ದ್ರಾಕ್ಷಿ ಗೊಂಚಲು. ಅಂದರೆ ಬೆಳೆ ಬಂದಿದೆ, ಸುಗ್ಗಿ ಮುಗಿದಿದೆ. ವೇಟ್ ಕೂಡ ಇದನ್ನು ಒಂದು ವಿಷಯ ಸಮೃದ್ಧಿಯಲ್ಲಿ ಮುಗಿಯುವುದು ಎಂದೇ ಹೇಳುತ್ತಾರೆ, ಸಾಂತ್ವನ ಮತ್ತು ಗುಣವಾಗುವುದನ್ನೂ ಸೇರಿಸುತ್ತಾರೆ.

ಇಲ್ಲಿ ಎರಡು ಕಾರ್ಡುಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುತ್ತದೆ. ಎರಡರಲ್ಲೂ ಕುಣಿತ ಇದೆ. ಆದರೆ ಹುಡುಗನದು ಒಬ್ಬನೇ ಕುಣಿಯುವ, ಪ್ರತಿದಿನ ನಡೆಯುವ, ಮುಗಿಯದ ಕುಣಿತ. ಹೆಂಗಸರದು ಒಟ್ಟಿಗೆ ಸೇರಿ ಕುಣಿಯುವ, ಕೆಲಸ ಮುಗಿದ ಮೇಲಿನ, ಒಂದು ಸಂದರ್ಭಕ್ಕೆ ಸೇರಿದ ಕುಣಿತ. ಒಂದು ದಿನಚರಿ, ಇನ್ನೊಂದು ಹಬ್ಬ. ತೂಗಿಸುವುದರ ಬಗ್ಗೆ ಕೇಳಿದಾಗ ಈ ಜೋಡಿ ಬಂದರೆ, ದಿನಚರಿ ಮತ್ತು ಹಬ್ಬ ಒಂದರ ಜಾಗಕ್ಕೆ ಇನ್ನೊಂದು ನುಗ್ಗಿದೆಯಾ ಎಂದು ನೋಡಬೇಕು.

ಹೆಜ್ಜೆ 4: ಗುರು ಮಕರದಲ್ಲಿ, ಬುಧ ಕರ್ಕದಲ್ಲಿ

ಜ್ಯೋತಿಷ್ಯದ ಪರಿಚಯ ಇರುವವರಿಗೆ ಇಲ್ಲೊಂದು ಸಹಾಯ ಸಿಗುತ್ತದೆ. ಪರಿಚಯ ಇಲ್ಲದವರು ಮುಂದಿನ ಹೆಜ್ಜೆಗೆ ಹೋಗಬಹುದು.

ಗೋಲ್ಡನ್ ಡಾನ್ ಎಂಬ ಇಂಗ್ಲೆಂಡಿನ ಗುಂಪು 19ನೇ ಶತಮಾನದ ಕೊನೆಯಲ್ಲಿ ಕಾರ್ಡುಗಳಿಗೆ ಗ್ರಹ, ರಾಶಿಗಳನ್ನು ಜೋಡಿಸಿತು. ವೇಟ್, ಸ್ಮಿತ್ ಇಬ್ಬರೂ ಆ ಗುಂಪಿನಲ್ಲಿ ಇದ್ದವರು. ಆ ಪದ್ಧತಿಯಲ್ಲಿ ಟೂ ಆಫ್ ಪೆಂಟಕಲ್ಸ್‌ಗೆ ಮಕರದ ಗುರು, ಥ್ರೀ ಆಫ್ ಕಪ್ಸ್‌ಗೆ ಕರ್ಕದ ಬುಧ. ಮಕರದಲ್ಲಿ ಗುರು ನೀಚ. ಹಿಗ್ಗಬೇಕು ಎನ್ನುವ ಗ್ರಹ ಕಟ್ಟುಪಾಡಿನ ರಾಶಿಯಲ್ಲಿ ಕೂತಿದೆ. ಎಲ್ಲವೂ ಬೇಕು, ಜಾಗ ಮಾತ್ರ ಇಷ್ಟೇ ಎನ್ನುವ ಸ್ಥಿತಿ ಅದು. ಬುಧ ಎಂದರೆ ಮಾತು, ಕರ್ಕ ಎಂದರೆ ಆಪ್ತತೆ. ಹಾಗಾಗಿ ಥ್ರೀ ಆಫ್ ಕಪ್ಸ್‌ನ ಸಂತೋಷ ಬಟ್ಟಲಿನಲ್ಲಿ ಇರುವುದಕ್ಕಿಂತ ಮನಸ್ಸು ಬಿಚ್ಚಿ ಆಡುವ ಮಾತಿನಲ್ಲಿ ಇದೆ.

ಮಕರ, ಕರ್ಕ ಎದುರುಬದುರು ರಾಶಿಗಳು. ಒಂದರಿಂದ ಎಣಿಸಿದರೆ ಇನ್ನೊಂದು ಏಳನೆಯದು. ಒಂದು ಹೊರಗಿನ ದುಡಿಮೆ, ಇನ್ನೊಂದು ಒಳಗಿನ ಬಳಗ. ಕಾರ್ಡುಗಳು ಜೊತೆಗೆ ಬಂದಾಗ ಹಗ್ಗಜಗ್ಗಾಟ ಇದ್ದೇ ಇರುತ್ತದೆ. ಆದರೂ ಪೆಂಟಕಲ್ಸ್ ಭೂಮಿ, ಕಪ್ಸ್ ನೀರು. ಅದೇ ಪದ್ಧತಿಯ ಪ್ರಕಾರ ಭೂಮಿ ಮತ್ತು ನೀರು ಸ್ನೇಹಿತರು. ಹಾಗಾಗಿ ನಾನು ಈ ಜೋಡಿಯನ್ನು ಒಡೆದುಹೋಗುವ ಸಂಬಂಧದ ಸೂಚನೆ ಎಂದು ಓದುವುದಿಲ್ಲ. ಒಂದೇ ಮನೆಯ ಇಬ್ಬರು ಸಮಯಕ್ಕಾಗಿ ಮಾಡುವ ಜಗಳದಂತೆ ಓದುತ್ತೇನೆ.

ಹೆಜ್ಜೆ 5: ಕಾರ್ಡ್ ತನ್ನ ಜಾಗದಲ್ಲಿದೆಯಾ, ಬೇರೆ ಜಾಗದಲ್ಲಿದೆಯಾ ನೋಡಿ

ಇಡೀ ಓದಿನಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ಟೂ ಆಫ್ ಪೆಂಟಕಲ್ಸ್ ದುಡಿಮೆಗೆ ಸೇರಿದ್ದು, ಥ್ರೀ ಆಫ್ ಕಪ್ಸ್ ಬಳಗಕ್ಕೆ ಸೇರಿದ್ದು. ಪೆಂಟಕಲ್ಸ್ ಕೆಲಸದ ಜಾಗದಲ್ಲಿ ಬಂದರೆ ಅದರಲ್ಲಿ ಹೊಸದೇನಿಲ್ಲ. ಕೆಲಸ ಗಡಿಬಿಡಿಯದು, ಎರಡು ಜವಾಬ್ದಾರಿ ಒಟ್ಟಿಗೆ ನಡೆಯುತ್ತಿವೆ, ಅಷ್ಟೇ. ಥ್ರೀ ಆಫ್ ಕಪ್ಸ್ ಗೆಳೆತನದ ಜಾಗದಲ್ಲಿ ಬಂದರೂ ಹಾಗೆಯೇ. ಗೆಳೆಯರು ಚೆನ್ನಾಗಿದ್ದಾರೆ, ತೊಂದರೆಯನ್ನು ಬೇರೆ ಕಡೆ ಹುಡುಕಿ. ಕಾರ್ಡ್ ತನ್ನದಲ್ಲದ ಜಾಗದಲ್ಲಿ ಬಂದಾಗ ಮಾತ್ರ ಅದಕ್ಕೆ ಹೇಳಲು ಬಹಳ ಇರುತ್ತದೆ.

ಟೂ ಆಫ್ ಪೆಂಟಕಲ್ಸ್ ಪ್ರೀತಿಯ ಜಾಗದಲ್ಲಿ ಬಂದರೆ, ಪ್ರೀತಿ ಕೂಡ ನಿಭಾಯಿಸಬೇಕಾದ ಕೆಲಸಗಳ ಪಟ್ಟಿಗೆ ಸೇರಿದೆ. ಇಬ್ಬರೂ ಭೇಟಿಯಾಗುತ್ತಾರೆ, ಆದರೆ ಒಂದು ಕಣ್ಣು ಗಡಿಯಾರದ ಮೇಲೆ ಇರುತ್ತದೆ. ಪ್ರೀತಿ ಕಡಿಮೆಯಾಗಿದೆ ಎಂದು ಇದರ ಅರ್ಥ ಅಲ್ಲ. ಅದನ್ನು ಕೈಯಿಂದ ಬಿಟ್ಟಿಲ್ಲ ಎಂಬುದೇ ಚಿತ್ರದಲ್ಲಿ ಕಾಣುತ್ತದೆ. ಕೈಯಲ್ಲಿ ನಿಲ್ಲಲು ಮಾತ್ರ ಬಿಡುತ್ತಿಲ್ಲ. ಇದೇ ಕಾರ್ಡ್ ಗೆಳೆತನದ ಜಾಗದಲ್ಲಿ ಬಂದರೆ ಎರಡು ಗುಂಪುಗಳ ನಡುವಿನ ಓಡಾಟ: ಹಳೆಯ ಗೆಳೆಯರು ಒಂದು ಕಡೆ, ಸಂಗಾತಿಯ ಗೆಳೆಯರು ಇನ್ನೊಂದು ಕಡೆ.

ಥ್ರೀ ಆಫ್ ಕಪ್ಸ್ ಪ್ರೀತಿಯ ಜಾಗದಲ್ಲಿ ಬಂದರೆ, ಜೋಡಿ ಯಾವಾಗಲೂ ಗುಂಪಿನಲ್ಲೇ ಇದೆಯಾ ಎಂದು ಕೇಳಿ. ಇಬ್ಬರೇ ಕೂತು ಮಾತನಾಡಿದ್ದು ಯಾವಾಗ ಎಂದು ಅವರಿಗೇ ನೆನಪಿರುವುದಿಲ್ಲ. ಗುಂಪಿನಲ್ಲೇ ಪರಿಚಯವಾಗಿ ಹುಟ್ಟಿದ ಪ್ರೀತಿಯಲ್ಲಿ ಇದು ತುಂಬಾ ಸಹಜ. ಕೆಲಸದ ಜಾಗದಲ್ಲಿ ಬಂದರೆ ಆಫೀಸಿನವರೇ ಬಳಗವಾಗಿದ್ದಾರೆ. ಇದರಲ್ಲಿ ಒಳ್ಳೆಯದೂ ಇದೆ, ಭಾರ ಹಂಚಿಕೊಳ್ಳಲು ಜನ ಇದ್ದಾರೆ. ಆದರೆ ಕೆಲಸ ಮುಗಿದ ಮೇಲಿನ ಸಂಜೆಗಳೂ ಅವರಿಗೇ ಹೋಗುತ್ತಿರಬಹುದು.

ನಾಲ್ಕನೇ ಜಾಗದಲ್ಲಿ, ಅಂದರೆ ಭಾರದ ಜಾಗದಲ್ಲಿ, ಟೂ ಆಫ್ ಪೆಂಟಕಲ್ಸ್ ಬಂದರೆ ತೂಗಿಸಬೇಕು ಎಂಬ ಹಟವೇ ಭಾರ. ಅಲ್ಲಿ ಥ್ರೀ ಆಫ್ ಕಪ್ಸ್ ಬಂದರೆ, ಕರೆದಲ್ಲೆಲ್ಲ ಹೋಗಲೇಬೇಕು ಎಂಬ ಒತ್ತಾಯ ಭಾರ. ಐದನೇ ಜಾಗದಲ್ಲಿ ಟೂ ಆಫ್ ಪೆಂಟಕಲ್ಸ್ ಬಂದರೆ ನನಗೆ ಸಮಾಧಾನವಾಗುತ್ತದೆ. ಆಗ ಅದು ಸಲಹೆ: ಒಂದು ಸಲಕ್ಕೆ ಎರಡೇ ಹಿಡಿದುಕೋ, ಮೂರನೆಯದಕ್ಕೆ ಬೇರೆ ವಾರ ಕೊಡು. ಹುಡುಗನ ಕೈಗೆ ಮೂರನೇ ನಾಣ್ಯ ಹಾಕಿ ಎಂದು ಕಾರ್ಡ್ ಎಲ್ಲೂ ಹೇಳುವುದಿಲ್ಲ.

ಹೆಜ್ಜೆ 6: ಎರಡು ನಾಣ್ಯಗಳಿಗೆ ಹೆಸರು ಕೊಡಿ

ಟೂ ಆಫ್ ಪೆಂಟಕಲ್ಸ್ ಸಾಲಿನಲ್ಲಿ ಬಂದಿದ್ದರೆ ಮೊದಲ ನಾಣ್ಯ ಆ ಸ್ಥಾನವೇ. ಪ್ರೀತಿಯ ಜಾಗದಲ್ಲಿದ್ದರೆ ಒಂದು ನಾಣ್ಯ ಪ್ರೀತಿ. ಎರಡನೆಯದನ್ನು ಉಳಿದ ಎರಡು ಸ್ಥಾನಗಳಿಂದ ಆರಿಸಬೇಕು. ಎಲ್ಲಿ ಚಲನೆ, ಗದ್ದಲ, ಎತ್ತಿದ ಕೈ, ನಡೆಯುತ್ತಿರುವ ಕೆಲಸ ಕಾಣುತ್ತದೋ ಅದು ಕೈಯಲ್ಲಿದೆ. ಎಲ್ಲಿ ಕುಳಿತವರು, ಮಲಗಿದವರು, ಬೆನ್ನು ತಿರುಗಿಸಿದವರು, ಚೆಲ್ಲಿದ ಅಥವಾ ಮುಟ್ಟದ ವಸ್ತು ಕಾಣುತ್ತದೋ ಅದು ಬೆನ್ನ ಹಿಂದೆ ಹೋಗಿದೆ. ಫೋರ್ ಆಫ್ ಕಪ್ಸ್, ಫೈವ್ ಆಫ್ ಕಪ್ಸ್, ಫೋರ್ ಆಫ್ ಸ್ವೋರ್ಡ್ಸ್ ಇಂಥವು.

ಎರಡೂ ಕಡೆ ಗದ್ದಲವೇ ಇದ್ದರೆ? ಆಗ ಹೆಸರು ಕೊಡಲು ಅವಸರ ಮಾಡಬೇಡಿ. ಪ್ರಶ್ನೆ ಕೇಳಿದವರನ್ನೇ ಕೇಳಿ: ಹೋದ ವಾರ ಯಾವುದಕ್ಕೋಸ್ಕರ ಯಾವುದನ್ನು ಕೈಬಿಟ್ಟಿರಿ? ಕೈಬಿಟ್ಟದ್ದು ಹಡಗು. ಉಳಿದವು ನಾಣ್ಯ.

ಹೆಜ್ಜೆ 7: ತಲೆಕೆಳಗಾಗಿ ಬಂದಾಗ

ಟೂ ಆಫ್ ಪೆಂಟಕಲ್ಸ್ ತಲೆಕೆಳಗಾದರೆ ಎಲ್ಲರೂ ಹೇಳುವುದು ಕೈಮೀರಿದ ಒತ್ತಡ ಎಂದು. ಅದು ಸರಿ, ಆದರೆ ವೇಟ್ ಕೊಟ್ಟ ಅರ್ಥ ಬೇರೆ: ಒತ್ತಾಯದ ಉಲ್ಲಾಸ, ಖುಷಿಯಾಗಿರುವಂತೆ ನಟಿಸುವುದು. ಯಾವುದನ್ನು ತೆಗೆದುಕೊಳ್ಳಬೇಕು? ಸುತ್ತ ನೋಡಿ. ಟೆನ್ ಆಫ್ ವಾಂಡ್ಸ್, ನೈನ್ ಆಫ್ ಸ್ವೋರ್ಡ್ಸ್ ಥರದ ಭಾರದ ಕಾರ್ಡುಗಳಿದ್ದರೆ ಒತ್ತಡ. ಪಕ್ಕದಲ್ಲಿ ನೆಟ್ಟಗಿನ ಥ್ರೀ ಆಫ್ ಕಪ್ಸ್ ಇದ್ದರೆ ನಟನೆ. ಎಲ್ಲರೂ ನಗುತ್ತಿರುವ ಜಾಗದಲ್ಲಿ ಒಬ್ಬರು ದಣಿದೂ ನಗುತ್ತಿದ್ದಾರೆ.

ಥ್ರೀ ಆಫ್ ಕಪ್ಸ್ ತಲೆಕೆಳಗಾದರೆ ಅತಿಯಾದ ಮೋಜು, ಗುಂಪಿನೊಳಗಿನ ಪಿಸುಮಾತು, ಒಬ್ಬರನ್ನು ಹೊರಗಿಡುವುದು. ಎರಡೂ ತಲೆಕೆಳಗಾಗಿದ್ದರೆ ನಾನು ಮೊದಲು ಮುಟ್ಟುವುದು ಕೂಟಗಳನ್ನು. ಸುಮ್ನೆ ಹೋಗಬೇಕಲ್ಲ ಎಂದು ಹೋಗುವ ಭೇಟಿಗಳು ಯಾವುವು ಎಂದು ಕೇಳುತ್ತೇನೆ, ಏಕೆಂದರೆ ಅವುಗಳಿಂದ ಗೆಳೆತನವೂ ಬೆಳೆಯುವುದಿಲ್ಲ, ಸಮಯವೂ ಉಳಿಯುವುದಿಲ್ಲ.

ಒಂದು ಓದನ್ನು ಪೂರ್ತಿಯಾಗಿ ನೋಡೋಣ

ಹೀಗೊಂದು ಪ್ರಶ್ನೆ ಎಂದುಕೊಳ್ಳಿ. ಎಂಟು ತಿಂಗಳಿಂದ ಒಬ್ಬನ ಜೊತೆ ಇರುವ ಹುಡುಗಿ. ಅದೇ ಹೊತ್ತಿಗೆ ಹೊಸ ತಂಡದಲ್ಲಿ ಕೆಲಸ ಸಿಕ್ಕಿದೆ. ಹಳೆಯ ಗೆಳತಿಯರು ಈಗ ಕರೆಯುವುದನ್ನೇ ಕಡಿಮೆ ಮಾಡಿದ್ದಾರೆ. "ಪ್ರೀತಿ ಬಂದ ಮೇಲೆ ಗೆಳತಿಯರನ್ನು ಕಳೆದುಕೊಂಡೆ" ಎಂದು ಅವಳ ನಂಬಿಕೆ. ಕಾರ್ಡುಗಳು ಹೀಗೆ ಬಂದಿವೆ: ಗೆಳೆತನದಲ್ಲಿ ಫೈವ್ ಆಫ್ ಕಪ್ಸ್, ಪ್ರೀತಿಯಲ್ಲಿ ಟೂ ಆಫ್ ಪೆಂಟಕಲ್ಸ್, ಕೆಲಸದಲ್ಲಿ ಥ್ರೀ ಆಫ್ ಕಪ್ಸ್. ಕೆಳಗೆ ಟೆನ್ ಆಫ್ ವಾಂಡ್ಸ್, ಮೇಲೆ ಕ್ವೀನ್ ಆಫ್ ಸ್ವೋರ್ಡ್ಸ್. ಎಲ್ಲವೂ ನೆಟ್ಟಗಿವೆ.

ಮೊದಲು ಜಾಗ ನೋಡಿ. ಪೆಂಟಕಲ್ಸ್ ಪ್ರೀತಿಯಲ್ಲಿದೆ, ಕಪ್ಸ್ ಕೆಲಸದಲ್ಲಿದೆ. ಎರಡೂ ತಮ್ಮದಲ್ಲದ ಮನೆಯಲ್ಲಿ ಕೂತಿವೆ. ಪ್ರೀತಿ ದುಡಿಮೆಯಂತಾಗಿದೆ, ದುಡಿಮೆ ಹಬ್ಬದಂತಾಗಿದೆ. ಸಂಗಾತಿಯ ಭೇಟಿಯನ್ನು ವೇಳಾಪಟ್ಟಿಯಲ್ಲಿ ತುರುಕಬೇಕಾಗಿದೆ, ಆದರೆ ಆಫೀಸಿನವರ ಜೊತೆ ಹೊತ್ತು ಹೋಗುವುದೇ ಗೊತ್ತಾಗುತ್ತಿಲ್ಲ.

ಈಗ ನಾಣ್ಯಗಳು. ಒಂದು ಪ್ರೀತಿ. ಇನ್ನೊಂದು? ಬಲಗಡೆ ಬಟ್ಟಲು ಎತ್ತಿದ ಕೈಗಳಿವೆ, ಎಡಗಡೆ ಚೆಲ್ಲಿದ ಬಟ್ಟಲುಗಳಿವೆ. ಹಾಗಾಗಿ ಎರಡನೇ ನಾಣ್ಯ ಕೆಲಸ. ಗೆಳತಿಯರು ಹಡಗುಗಳ ಜೊತೆ ಹಿಂದೆ ಉಳಿದಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫೈವ್ ಆಫ್ ಕಪ್ಸ್‌ನಲ್ಲಿ ಕಪ್ಪು ನಿಲುವಂಗಿಯ ವ್ಯಕ್ತಿಯ ಮುಂದೆ ಚೆಲ್ಲಿರುವುದು ಸರಿಯಾಗಿ ಮೂರು ಬಟ್ಟಲು. ಸಾಲಿನ ಇನ್ನೊಂದು ತುದಿಯಲ್ಲಿ ಎತ್ತಿರುವುದೂ ಮೂರು. ಗೆಳತಿಯರ ಜೊತೆ ಇದ್ದ ಸಂಭ್ರಮ ಇಲ್ಲಿಂದ ಅಲ್ಲಿಗೆ ಹೋಗಿದೆ. ಅಂದರೆ ಅವಳ ನಂಬಿಕೆಗೆ ಈ ಸಾಲು ಒಪ್ಪುತ್ತಿಲ್ಲ. ಗೆಳತಿಯರ ಸಮಯವನ್ನು ಪ್ರೀತಿ ತೆಗೆದುಕೊಂಡಿಲ್ಲ. ಹೊಸ ತಂಡದ ಬಳಗ ತೆಗೆದುಕೊಂಡಿದೆ. ಅದು ಕೆಲಸ ಎಂಬ ಹೆಸರಿನಲ್ಲಿ ನಡೆಯುವುದರಿಂದ ಅವಳಿಗೆ ಕಂಡಿಲ್ಲ. ಗುಂಪಿನಲ್ಲಿ ನಡುವಿನವಳು ಬೆನ್ನು ಹಾಕಿ ನಿಂತಿರುವುದನ್ನು ಇಲ್ಲಿ ನೆನೆಯಿರಿ. ಹೊರಗಿನಿಂದ ನೋಡುವ ಹಳೆಯ ಗೆಳತಿಗೆ ಕಾಣುವುದು ಆ ಬೆನ್ನೇ.

ಕೆಳಗಿನ ಟೆನ್ ಆಫ್ ವಾಂಡ್ಸ್‌ನಲ್ಲಿ ಒಬ್ಬ ಹತ್ತು ಕೋಲುಗಳನ್ನು ತಬ್ಬಿಕೊಂಡು ಬಗ್ಗಿ ನಡೆಯುತ್ತಿದ್ದಾನೆ. ಕೋಲುಗಳೇ ಅವನ ಮುಖಕ್ಕೆ ಅಡ್ಡ, ಮುಂದಿನ ದಾರಿ ಕಾಣುತ್ತಿಲ್ಲ. ಅವುಗಳನ್ನು ಅವನ ಮೇಲೆ ಯಾರೋ ಹೇರುತ್ತಿರುವುದು ಚಿತ್ರದಲ್ಲಿ ಇಲ್ಲ. ಹಾಗಾಗಿ ಮೇಲಿನವರು ಕೆಲಸ ಹೇರಿದ್ದಾರೆ ಎಂದು ಇಲ್ಲಿ ತೀರ್ಮಾನಿಸಬಾರದು. ತಂಡದ ಪ್ರತಿ ಕೂಟಕ್ಕೂ ಹೂಂ ಎಂದದ್ದು ಈ ಹೊರೆಯಲ್ಲಿ ಸೇರಿದೆಯಾ ಎಂದು ಕೇಳಬೇಕು. ನಾಲ್ಕನೇ ಹೆಜ್ಜೆಯಲ್ಲಿ ಹೇಳಿದ ಪದ್ಧತಿಯಲ್ಲಿ ವಾಂಡ್ಸ್ ಬೆಂಕಿ, ಕಪ್ಸ್ ನೀರು, ಎರಡೂ ಒಂದನ್ನೊಂದು ಕುಗ್ಗಿಸುತ್ತವೆ. ತಂಡದ ಜೊತೆಗಿನ ಖುಷಿ ಕೂಡ ಮೊದಲಿನಷ್ಟು ಉಳಿದಿಲ್ಲ ಎಂದು ಅವಳು ಹೇಳಿದರೆ ಓದು ಸರಿಯಾದ ದಾರಿಯಲ್ಲಿದೆ.

ಮೇಲಿರುವ ಕ್ವೀನ್ ಆಫ್ ಸ್ವೋರ್ಡ್ಸ್ ಒಂದು ಕೈಯಲ್ಲಿ ಕತ್ತಿಯನ್ನು ನೇರ ಹಿಡಿದು, ಇನ್ನೊಂದು ಕೈಯನ್ನು ಮುಂದೆ ಚಾಚಿದ್ದಾಳೆ. ನೇರ ಮಾತು, ಆದರೆ ಬಾಗಿಲು ಮುಚ್ಚುವ ಮಾತಲ್ಲ. ಇದನ್ನು ಮೂರು ಕೆಲಸಗಳಾಗಿ ಹೇಳುತ್ತೇನೆ. ತಂಡದ ಸಂಜೆಗಳಲ್ಲಿ ಕೆಲಸಕ್ಕೆ ಬೇಕಾದವು ಯಾವುವು, ಬರೀ ಕೂಟ ಯಾವುವು ಎಂದು ಬೇರೆ ಮಾಡು. ಎರಡನೆಯದರಲ್ಲಿ ಅರ್ಧಕ್ಕೆ ಬರುವುದಿಲ್ಲ ಎಂದು ಮೊದಲೇ ತಿಳಿಸು. ಸಂಗಾತಿಗೆ ವಾರದಲ್ಲಿ ಒಂದು ಸಂಜೆ ಗಟ್ಟಿ ಮಾಡು, ಆ ಸಂಜೆ ಫೋನಿನ ಮೆಸೇಜುಗಳಿಗೆ ಉತ್ತರ ಇಲ್ಲ. ಇನ್ನು ಗೆಳತಿಯರು. ಫೈವ್ ಆಫ್ ಕಪ್ಸ್‌ನಲ್ಲಿ ಎರಡು ಬಟ್ಟಲು ಇನ್ನೂ ನಿಂತಿವೆ, ಆ ವ್ಯಕ್ತಿಯ ಬೆನ್ನ ಹಿಂದೆ. ಇಡೀ ಗುಂಪನ್ನು ಸೇರಿಸಿ ದೊಡ್ಡ ಭೇಟಿ ಮಾಡುವುದು ಈಗ ಬೇಡ. ಇನ್ನೂ ಮಾತನಾಡುವ ಒಬ್ಬಿಬ್ಬರಿಗೆ ನೀನೇ ಫೋನ್ ಮಾಡು. ನಾಲ್ಕನೇ ಹೆಜ್ಜೆಯಲ್ಲಿ ಹೇಳಿದಂತೆ ಥ್ರೀ ಆಫ್ ಕಪ್ಸ್‌ನ ಬುಧನಿಗೆ ಬೇಕಾದದ್ದು ಮಾತು, ಸಮಾರಂಭ ಅಲ್ಲ.

ಇದೇ ಎರಡು ಕಾರ್ಡು ಜಾಗ ಬದಲಿಸಿ ಬಂದಿದ್ದರೆ ಓದು ಪೂರ್ತಿ ಬೇರೆ. ಪ್ರೀತಿಯಲ್ಲಿ ಥ್ರೀ ಆಫ್ ಕಪ್ಸ್, ಕೆಲಸದಲ್ಲಿ ಟೂ ಆಫ್ ಪೆಂಟಕಲ್ಸ್ ಎಂದುಕೊಳ್ಳಿ. ಕೆಲಸದ ಗಡಿಬಿಡಿ ಆಗ ಮಾಮೂಲು. ಪ್ರೀತಿ ಮತ್ತು ಗೆಳೆತನ ಬೆರೆತು ಒಂದೇ ಆಗಿವೆ, ಎಲ್ಲ ಭೇಟಿಗಳೂ ಗುಂಪಿನಲ್ಲೇ. ಅಲ್ಲಿ ಸಲಹೆ ಗೆಳತಿಯರಿಗೆ ಫೋನ್ ಮಾಡು ಎಂದಲ್ಲ, ಇಬ್ಬರೇ ಇರುವ ಹೊತ್ತು ಮಾಡಿಕೋ ಎಂದು.

ಎಲ್ಲಿ ತಪ್ಪುತ್ತದೆ

ಅತಿ ದೊಡ್ಡ ತಪ್ಪು ಥ್ರೀ ಆಫ್ ಕಪ್ಸ್ ಕಂಡ ಕೂಡಲೇ "ಮೂರನೆಯವರು ಇದ್ದಾರೆ" ಎನ್ನುವುದು. ಕಾರ್ಡಿನಲ್ಲಿ ಮೂವರಿದ್ದಾರೆ ನಿಜ. ಆದರೆ ಮೂವರೂ ಎದುರುಬದುರಾಗಿ, ಬೆಳಕಿನಲ್ಲಿ, ಬಟ್ಟಲು ತಾಗಿಸಿ ನಿಂತಿದ್ದಾರೆ. ಬಚ್ಚಿಟ್ಟ ವಿಷಯದ ಗುರುತು ಚಿತ್ರದಲ್ಲಿ ಒಂದೂ ಇಲ್ಲ. ಸೆವೆನ್ ಆಫ್ ಸ್ವೋರ್ಡ್ಸ್, ಮೂನ್ ಕಾರ್ಡ್ ಜೊತೆಗೆ ಬಂದರೂ ನಾನು ಮೋಸ ಎಂದು ಹೇಳುವುದಿಲ್ಲ. ಸಂಗಾತಿಯೊಂದಿಗೆ ಹೇಳದೇ ಉಳಿದ ಮಾತು ಇದೆಯಾ ಎಂದಷ್ಟೇ ಕೇಳುತ್ತೇನೆ. ಎದುರಿಗೆ ಇಲ್ಲದ ವ್ಯಕ್ತಿಯ ಮೇಲೆ ಕಾರ್ಡ್ ನೋಡಿ ಆರೋಪ ಹೊರಿಸುವುದು ಅನ್ಯಾಯ, ಅದನ್ನು ಯಾವ ಓದುಗರೂ ಮಾಡಬಾರದು.

ಇನ್ನೊಂದು ತಪ್ಪು ಟೂ ಆಫ್ ಪೆಂಟಕಲ್ಸ್ ನೆಟ್ಟಗೆ ಬಂದರೆ ಎಲ್ಲ ಸರಿಯಾಗಿದೆ ಎಂದು ಓದುವುದು. ನಾಣ್ಯ ಬಿದ್ದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಹುಡುಗ ಎಷ್ಟು ಹೊತ್ತು ಹೀಗೆ ಕುಣಿಯಬಲ್ಲ ಎಂಬುದು ಕಾರ್ಡಿನಲ್ಲಿ ಇಲ್ಲ. ಅದನ್ನು ನಾಲ್ಕನೇ ಕಾರ್ಡಿನಿಂದ ತಿಳಿಯಬೇಕು.

ಓದು ಸರಿಯಾಗಿದೆಯಾ ಎಂದು ಪರೀಕ್ಷಿಸಲು ಸುಲಭದ ದಾರಿ ಇದೆ. ಕಳೆದ ಎರಡು ವಾರದ ಸಂಜೆಗಳನ್ನು ಒಂದು ಹಾಳೆಯಲ್ಲಿ ಬರೆಸಿ. ಪ್ರತಿ ಸಂಜೆಯ ಮುಂದೆ ಪ್ರೀತಿ, ಗೆಳೆತನ, ಕೆಲಸ, ಏನೂ ಇಲ್ಲ ಎಂದು ಗುರುತು ಹಾಕಲಿ. ಗೆಳತಿಯರು ಬೆನ್ನ ಹಿಂದೆ ಹೋಗಿದ್ದಾರೆ ಎಂದು ನೀವು ಹೇಳಿದ್ದೀರಿ, ಆದರೆ ಹಾಳೆಯಲ್ಲಿ ಅವರ ಜೊತೆ ಕಳೆದ ನಾಲ್ಕು ಸಂಜೆಗಳಿವೆ ಎಂದರೆ, ಹಾಳೆಯನ್ನು ನಂಬಿ. ನಾಣ್ಯಗಳ ಹೆಸರನ್ನು ಮತ್ತೆ ಹುಡುಕಿ. ಕಾರ್ಡುಗಳನ್ನು ಮತ್ತೆ ಕಲೆಸುವ ಅಗತ್ಯ ಇಲ್ಲ.

ಅದೇ ಪ್ರಶ್ನೆಯನ್ನು ಮರುದಿನ ಮತ್ತೆ ಕೇಳುವುದು ಬೇಡ. ಹೇಳಿದ ಮೂರು ಕೆಲಸಗಳಲ್ಲಿ ಒಂದಾದರೂ ಆಗಿರಬೇಕು, ಇಲ್ಲವೇ ತಿಂಗಳು ಮುಗಿದಿರಬೇಕು. ಎರಡನೇ ಸಲ ಸಾಲಿನಲ್ಲಿ ಮತ್ತೆ ಟೂ ಆಫ್ ಪೆಂಟಕಲ್ಸ್ ಬಂದರೆ ಮೊದಲ ಓದು ಫಲ ಕೊಡಲಿಲ್ಲ ಎಂದು ಅಂದುಕೊಳ್ಳಬೇಡಿ. ಅದು ಯಾವ ಸ್ಥಾನಕ್ಕೆ ಸರಿದಿದೆ ಎಂದು ಹಳೆಯ ಹಾಳೆಯ ಜೊತೆ ಹೋಲಿಸಿ. ಪ್ರೀತಿಯಿಂದ ಕೆಲಸದ ಜಾಗಕ್ಕೆ ಸರಿದಿದ್ದರೆ ಅದು ತನ್ನ ಜಾಗಕ್ಕೆ ಮರಳಿದೆ. ಪ್ರೀತಿಯಲ್ಲೇ ಉಳಿದಿದ್ದರೆ ಎರಡನೇ ನಾಣ್ಯ ಈಗಲೂ ಕೆಲಸವೇನಾ, ಅಥವಾ ಈ ಸಲ ಗೆಳತಿಯರು ಕೈಗೆ ಬಂದು ಕೆಲಸ ಹಿಂದೆ ಸರಿದಿದೆಯಾ ಎಂದು ಆರನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿ.